ಪ್ರೇಮಿಗಳ ದಿನಕ್ಕೆ ಒಂದು ತುಂಟ ಮೆಸೇಜ್: ಬರೆಯುವ ಬಗೆ, ಕಳಿಸುವ ಹೊತ್ತು

2026ರ ಫೆಬ್ರವರಿ 12, ಗುರುವಾರ ರಾತ್ರಿ. ನನ್ನ ಚಿಕ್ಕಪ್ಪನ ಮಗ ಫೋನ್ ಮುಂದೆ ಹಿಡಿದು, "ಅಕ್ಕ, ಇದನ್ನೊಂಚೂರು ನೋಡು" ಅಂದ. ನವೆಂಬರಿನಲ್ಲಿ ಅವನ ನಿಶ್ಚಿತಾರ್ಥ ಆಗಿತ್ತು. ಏಪ್ರಿಲ್ ಕೊನೆಯ ವಾರ ಮದುವೆ. ಹುಡುಗಿ ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ, ಇವನು ಬೆಂಗಳೂರಿನಲ್ಲಿ. ಇಬ್ಬರೂ ಇನ್ನೂ "ನೀವು, ಹೋಗಿ, ಬನ್ನಿ" ಅಂತಲೇ ಮಾತಾಡುತ್ತಿದ್ದರು.

ಅವನು ಬರೆದಿದ್ದು ಹೀಗಿತ್ತು: "ನನ್ನ ಬಾಳಿನ ತೋಟದಲ್ಲಿ ಅರಳಿದ ಗುಲಾಬಿ ನೀವು. ನನ್ನ ಹೃದಯದ ಪ್ರತಿ ಮಿಡಿತವೂ ನಿಮ್ಮ ಹೆಸರನ್ನೇ ಹೇಳುತ್ತದೆ. ಪ್ರೇಮಿಗಳ ದಿನದ ಶುಭಾಶಯಗಳು."

ನಾನು ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ನಿನ್ನ ಫ್ರೆಂಡ್ ಅವನ ಹುಡುಗಿಗೆ ಕಳಿಸಿದ್ರೆ ಏನಾದ್ರೂ ಬದಲಾಯಿಸಬೇಕಾಗತ್ತಾ?" ಇಲ್ಲ ಅಂದ. ಅಲ್ಲಿಗೆ ಅದು ಡಿಲೀಟ್ ಆಯಿತು. ಎರಡು ದಿನದಲ್ಲಿ ಅದರ ಜಾಗಕ್ಕೆ ಬಂದ ಮೆಸೇಜ್ ಹೇಗೆ ತಯಾರಾಯಿತು ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ. ಬಿಡಿ ಸಲಹೆ ಕೊಡುವುದಕ್ಕಿಂತ ಅದೇ ಸುಲಭ. ಕಥೆ ಹೇಳಲು ಇಬ್ಬರ ಒಪ್ಪಿಗೆಯೂ ಇದೆ.

ಮೊದಲು ಸಾಮಾನು ಕೂಡಿಸಿ

ಬರೆಯೋಕೆ ಕೂತರೆ ಗುಲಾಬಿಯೇ ಬರುತ್ತದೆ. ಕನ್ನಡದಲ್ಲಿ ಗುಲಾಬಿ, ಹೃದಯ ಬಿಟ್ಟರೂ ಅಪಾಯ ತಪ್ಪಲ್ಲ. ಮಳೆ, ಚಂದಿರ, ಉಸಿರು, ಒಲವು, "ಕಣ್ಣಲ್ಲೇ ಕೊಂದೆ", ಇವೂ ಅದೇ ಬುಟ್ಟಿಯವು. ಹಾಡಲ್ಲಿ ಚೆನ್ನಾಗಿರುತ್ತವೆ. ಮೆಸೇಜಿನಲ್ಲಿ ಬಂದರೆ ಓದುವವಳಿಗೆ ಯಾವುದೋ ಹಾಡು ನೆನಪಾಗುತ್ತದೆ, ನೀವು ನೆನಪಾಗುವುದಿಲ್ಲ.

ಹಾಗಾಗಿ ಮೊದಲ ದಿನ ಏನೂ ಬರೆಯಬೇಡಿ. ಇಬ್ಬರ ನಡುವೆ ಮಾತ್ರ ಇರುವ ನಾಲ್ಕೈದು ಸಣ್ಣ ಸಂಗತಿಗಳನ್ನು ನೆನಪು ಮಾಡಿಕೊಳ್ಳಿ. ನಾನು ಅವನಿಗೆ ಕೇಳಿದ ಪ್ರಶ್ನೆಗಳು ಇವು. ಅವಳು ಪದೇ ಪದೇ ಹೇಳುವ ಮಾತು ಯಾವುದು? ನಿನ್ನನ್ನು ಯಾವುದಕ್ಕೆ ರೇಗಿಸುತ್ತಾಳೆ? ನೀವಿಬ್ಬರೂ ಮಾಡಿ, ಮಾಡಿಲ್ಲ ಅನ್ನುವ ಹಾಗೆ ಇರುವುದು ಏನು? ಮೂರನೆಯ ಪ್ರಶ್ನೆಗೆ ಬೇಗ ಉತ್ತರ ಬರಲ್ಲ, ಆದರೆ ತುಂಟತನ ಇರುವುದು ಅಲ್ಲೇ.

ಅವನು ಮೂರು ಹೇಳಿದ. ಒಂದು, ಹೆಣ್ಣು ನೋಡೋಕೆ ಹೋದ ದಿನ ಅವಳು ತಂದ ಟ್ರೇಯಲ್ಲಿ ಕಾಫಿ ಚೆಲ್ಲಿತ್ತು. ಎರಡು, ನಕ್ಕರೆ ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಮೂರನೆಯದನ್ನು ಹೇಳೋಕೆ ಸ್ವಲ್ಪ ನಾಚಿಕೊಂಡ. "ದಿನಾ ರಾತ್ರಿ ಫೋನ್ ಮಾಡ್ತೀವಿ ಅಕ್ಕ. ಅವರು 'ಸರಿ, ಇಡ್ತೀನಿ' ಅಂತಾರೆ. ಆದ್ರೆ ಇಡಲ್ಲ. ಮತ್ತೆ ಮಾತಾಡ್ತಾ ಇರ್ತೀವಿ."

ಕಾಫಿ ಚೆಲ್ಲಿದ್ದು ಬೇಡ ಅಂದೆ. ಅವತ್ತು ಅವಳು ಮನೆ ತುಂಬಾ ಹಿರಿಯರ ಮುಂದೆ ಮುಜುಗರ ಪಟ್ಟಿದ್ದಾಳೆ. ಇವನಿಗೆ ಅದು ಮುದ್ದಾಗಿ ಕಂಡಿರಬಹುದು, ಅವಳಿಗೆ ಹಾಗನ್ನಿಸಿದೆಯಾ ಗೊತ್ತಿಲ್ಲ. ಒಂದು ಸಂಗತಿ ರೇಗಿಸೋಕೆ ಆಗುತ್ತದಾ ಇಲ್ಲವಾ ಅನ್ನೋದಕ್ಕೆ ನನ್ನ ಅಳತೆ ಇದು: ಅದರ ಬಗ್ಗೆ ಅವಳೇ ಒಮ್ಮೆಯಾದರೂ ನಕ್ಕಿರಬೇಕು. ಅಡುಗೆ, ಮೈಬಣ್ಣ, ತೂಕ, ಸಂಬಳ, ಅವರ ಅಪ್ಪ ಅಮ್ಮ, ಇವುಗಳ ಹತ್ತಿರಕ್ಕೇ ಹೋಗಬಾರದು.

ಕೆನ್ನೆಯ ಗುಳಿಯದು ಬೇರೆ ಕಥೆ. ಅದು ನಿಜ, ಸುಂದರವೂ ಹೌದು. ಆದರೆ ಶಾಲೆಯಿಂದ ಇಲ್ಲಿವರೆಗೆ ಅದನ್ನು ಅವಳಿಗೆ ಎಷ್ಟು ಜನ ಹೇಳಿರಬಹುದು! ನೋಡಿದವರೆಲ್ಲ ಹೇಳಬಹುದಾದ್ದನ್ನು ಇವನೂ ಹೇಳಿದರೆ ವಿಶೇಷ ಏನು?

"ಇಡ್ತೀನಿ" ಮಾತ್ರ ಇವರಿಬ್ಬರಿಗೇ ಗೊತ್ತಿರುವುದು. ಅವಳಿಗೂ ಗೊತ್ತು, ಇವನಿಗೂ ಗೊತ್ತು, ಇಬ್ಬರೂ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ. ಇಂಥದ್ದು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಸಲ ಸರಿಯಾಗಿ ಗಮನಿಸಿ

ಅವನು ಅಲ್ಲೇ ಟೈಪ್ ಮಾಡಿದ: "ನೀವು ನೂರು ಸಲ ಇಡ್ತೀನಿ ಅಂತೀರಿ." ನೂರು ಅಂದರೆ ಸುಮ್ನೆ ಬಾಯಿಗೆ ಬಂದ ಲೆಕ್ಕ. ಅದರಲ್ಲಿ ಅವನು ಕೇಳಿಸಿಕೊಂಡ ಗುರುತಿಲ್ಲ. ನಾಳೆ ರಾತ್ರಿ ಫೋನ್ ಮಾಡಿದಾಗ ಎಣಿಸು ಅಂದೆ.

ಶುಕ್ರವಾರ ರಾತ್ರಿ ಮಾತಾಡುತ್ತಾ ಕಡಲೆಕಾಯಿ ತಿನ್ನುತ್ತಿದ್ದನಂತೆ. ಪ್ರತಿ "ಇಡ್ತೀನಿ"ಗೆ ಒಂದು ಕಾಯಿ ಪಕ್ಕಕ್ಕಿಟ್ಟ. ಮೊದಲನೆಯದು 9.50ಕ್ಕೆ ಬಂತು, ಆಗ ಅವರಮ್ಮ ಒಳಗಿಂದ ಕರೆದಿದ್ದರಿಂದ ಗಡಿಯಾರ ನೋಡಿದ್ದ. ನಿಜವಾಗಿ ಫೋನ್ ಇಟ್ಟಿದ್ದು 10.40ಕ್ಕೆ, ಅದು ಕಾಲ್ ಲಾಗ್‌ನಲ್ಲೇ ಸಿಕ್ಕಿತು. ಮೇಜಿನ ಮೇಲೆ ಆರು ಕಡಲೆಕಾಯಿ.

ನಿಮ್ಮ ವಿಷಯ ಬೇರೆ ಇರಬಹುದು, ಕೆಲಸ ಇದೇ. "ಯಾವಾಗಲೂ", "ತುಂಬಾ", "ನೂರು ಸಲ" ಇರುವ ಕಡೆ ನಿಜವಾದ ಒಂದು ದಿನ, ಒಂದು ಹೊತ್ತು, ಒಂದು ಸಂಖ್ಯೆ ಇಡಿ. ಎರಡು ಮೂರಕ್ಕಿಂತ ಜಾಸ್ತಿ ಬೇಡ. ಅದಕ್ಕಿಂತ ಹೆಚ್ಚಾದರೆ ಪೊಲೀಸ್ ಮಹಜರು ಓದಿದ ಹಾಗಾಗುತ್ತದೆ. "ನೀನು ಮಂಗಳವಾರ 11.12ರವರೆಗೆ ಆನ್‌ಲೈನ್ ಇದ್ದೆ" ಅನ್ನುವಂಥದ್ದಂತೂ ಬೇಡವೇ ಬೇಡ. ಅವಳು ನಿಮಗೆ ಹೇಳಿದ್ದನ್ನು, ನಿಮ್ಮ ಜೊತೆ ಮಾಡಿದ್ದನ್ನು ಮಾತ್ರ ಎಣಿಸಬಹುದು. ಅವಳಿಗೆ ಗೊತ್ತಿಲ್ಲದೆ ನೋಡಿದ್ದನ್ನು ಎಣಿಸಿದರೆ ಅದು ಕಾವಲು ಕಾದ ಹಾಗೆ.

ಎರಡು ಸಲ ಕೆಟ್ಟ ಮೇಲೆ ಬಂದಿದ್ದು

ಶುಕ್ರವಾರ ರಾತ್ರಿ 11ಕ್ಕೆ ಅವನು ಕಳಿಸಿದ ಎರಡನೇ ಕರಡು ಇದು:

"ನೀವು ನಿನ್ನೆ ಆರು ಬಾರಿ ಇಡುತ್ತೇನೆ ಎಂದು ಹೇಳಿದರೂ ಫೋನ್ ಇಡಲಿಲ್ಲ. ಇದರಿಂದ ನಿಮಗೂ ನಾನು ತುಂಬಾ ಇಷ್ಟ ಎಂದು ನನಗೆ ತಿಳಿಯಿತು."

"ನಿನ್ನೆ" ಸರಿ, ಮರುದಿನ ಓದುತ್ತಾಳಲ್ಲ. ಬೇರೆ ಎರಡು ಕಡೆ ಕೆಟ್ಟಿತ್ತು. ಒಂದು, ಕನ್ನಡ. ಫೋನಿನಲ್ಲಿ ಅವಳು "ಇಡ್ತೀನಿ" ಅಂತಾಳೆ. "ಇಡುತ್ತೇನೆ ಎಂದು ಹೇಳಿದರೂ" ಅಂತ ಬರೆದ ಕೂಡಲೇ ಅವಳ ದನಿ ಹೋಗಿ ವಾರ್ತೆ ಓದುವವರ ದನಿ ಬಂತು. ಅವಳ ಮಾತನ್ನು ಅವಳು ಹೇಳಿದ ಹಾಗೇ ಬರೆಯಬೇಕು. ಮಂಗಳೂರಿನವರಾದರೆ ಅಲ್ಲಿನ ಹಾಗೆ, ಧಾರವಾಡದವರಾದರೆ ಅಲ್ಲಿನ ಹಾಗೆ. ಅವರ ಊರಿನ ಮಾತು ನಿಮಗೆ ಬರಲ್ಲ ಅಂದರೆ ಅವರ ಆ ಒಂದು ಪದ ಮಾತ್ರ ತಗೊಳ್ಳಿ, ಉಳಿದದ್ದು ನಿಮ್ಮದೇ ಇರಲಿ. ಪೂರ್ತಿ ಅನುಕರಣೆ ಮಾಡಿದರೆ ಅಣಕಿಸಿದ ಹಾಗಾಗುತ್ತದೆ. "ಪ್ರೀತಿಸುತ್ತೇನೆ" ಅನ್ನುವ ಪದಕ್ಕೂ ಇದೇ ತೊಂದರೆ. ಮನೆಯಲ್ಲಿ ಯಾರೂ ಹಾಗೆ ಮಾತಾಡಲ್ಲ.

ಎರಡನೆಯದು ದೊಡ್ಡ ತಪ್ಪು. ಅವಳ ಮನಸ್ಸಿನಲ್ಲಿ ಏನಿದೆ ಅಂತ ಇವನೇ ತೀರ್ಪು ಕೊಟ್ಟುಬಿಟ್ಟಿದ್ದ. ರೇಗಿಸುವುದು ಅಲ್ಲಿಗೆ ಮುಗಿದು, ಅವಳು ಒಪ್ಪಿಕೊಳ್ಳಬೇಕು ಇಲ್ಲವೇ ಅಲ್ಲಗಳೆಯಬೇಕು ಅನ್ನುವ ಸ್ಥಿತಿ ಬರುತ್ತದೆ. ಕಾಲೆಳೆಯುವಾಗ ಅವಳ ಕಾಲಿನ ಜೊತೆ ನಿಮ್ಮದನ್ನೂ ಎಳೆದುಕೊಳ್ಳಬೇಕು. "ನೀನೂ ಇಡು ಅನ್ನಲಿಲ್ಲ ಅಲ್ವಾ? ಅದನ್ನ ಬರಿ" ಅಂದೆ. ಅವನಿಗೆ ಅದು ಹೊಳೆದೇ ಇರಲಿಲ್ಲ. ಅವಳದ್ದು ಆರು ಸಲ ಗಮನಿಸಿದ್ದ, ತನ್ನದು ಒಂದು ಸಲವೂ ಇಲ್ಲ.

ಕೊನೆಯ ಸಾಲು ಅವನದೇ. ಬೆಳಿಗ್ಗೆ ಹಲ್ಲುಜ್ಜುವಾಗ ಬಂತಂತೆ. ಮದುವೆ ಆದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ. ರಾತ್ರಿ ಫೋನ್ ಇರಲ್ಲ, ಇಡೋದೂ ಇರಲ್ಲ. ಹಾಗಾಗಿ ಮೂರನೇ ಕರಡು, ಕಳಿಸಿದ್ದೂ ಇದೇ:

"ಒಂದು ಲೆಕ್ಕ ಕೇಳ್ಬೇಕಿತ್ತು. ಬ್ಯಾಂಕಿನೋರಲ್ವಾ, ಅದಕ್ಕೆ.

ನಿನ್ನೆ 9.50ಕ್ಕೆ ಮೊದಲನೇ ಸಲ 'ಸರಿ, ಇಡ್ತೀನಿ' ಅಂದ್ರಿ. ಇಟ್ಟಿದ್ದು 10.40ಕ್ಕೆ. ಒಟ್ಟು ಆರು 'ಇಡ್ತೀನಿ'. ಕಡಲೆಕಾಯಿ ಇಟ್ಟು ಎಣಿಸಿದ್ದೀನಿ. ನಾನು ಒಂದು ಸಲಾನೂ 'ಸರಿ, ಇಡಿ' ಅನ್ನಲಿಲ್ಲ, ಅದನ್ನೂ ಬರ್ಕೊಳ್ಳಿ.

ಏಪ್ರಿಲ್ ಆದ್ಮೇಲೆ ಇಡೋಕೆ ಫೋನೇ ಇರಲ್ಲ. ಆಗ ಏನ್ ಮಾಡ್ತೀಯಾ?"

ಇದರಲ್ಲಿ ಇಷ್ಟ, ಪ್ರೀತಿ, ಶುಭಾಶಯ ಯಾವುದೂ ಇಲ್ಲ. ಪ್ರೇಮಿಗಳ ದಿನದ ಹೆಸರೂ ಇಲ್ಲ. ತಾರೀಖು ಅವಳ ಫೋನಿನಲ್ಲೇ ಕಾಣುತ್ತದೆ, ಅಷ್ಟು ಸಾಕು. ಕಡಲೆಕಾಯಿ ಯಾಕೆ ಉಳಿಸಿಕೊಂಡೆವು ಅಂದರೆ, ಅದರಲ್ಲಿ ನಗೆಪಾಟಲಾಗುವವನು ಇವನೇ. ಫೋನ್ ಹಿಡಿದು ಕಾಯಿ ಜೋಡಿಸುತ್ತಾ ಕೂತವನ ಚಿತ್ರ ಅವಳ ಕಣ್ಣಿಗೆ ಬರುತ್ತದೆ.

ಪ್ರಶ್ನೆಯಲ್ಲಿ ನಿಲ್ಲಿಸಿದ್ದಕ್ಕೂ ಕಾರಣ ಇದೆ. ಉತ್ತರ ಕೊಡಲು ಜಾಗ ಬೇಕು, ತಪ್ಪಿಸಿಕೊಳ್ಳಲೂ ಜಾಗ ಬೇಕು. "ನನ್ನ ಬಗ್ಗೆ ನಿನಗೆ ಏನನ್ನಿಸುತ್ತೆ?" ಅಂತ ಕೇಳಿದರೆ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. "ಆಗ ಏನ್ ಮಾಡ್ತೀಯಾ?" ಅಂದರೆ ಅವಳು ನಾಚಿಕೊಳ್ಳಬಹುದು, ಬೈಯಬಹುದು, "ನಿದ್ದೆ ಮಾಡ್ತೀನಿ" ಅಂತ ಮುಗಿಸಲೂಬಹುದು.

ಒಂದು ಒಳ್ಳೆಯ ಜೋಕ್ ಕತ್ತರಿಸಿದ್ದು ಇಲ್ಲಿ ಹೇಳಲೇಬೇಕು. ಆ ವರ್ಷ ಫೆಬ್ರವರಿ 15ಕ್ಕೆ ಶಿವರಾತ್ರಿ. "ಎಲ್ಲರದ್ದೂ ಜಾಗರಣೆ ನಾಳೆ, ನನ್ನದು ನವೆಂಬರಿಂದ" ಅಂತ ಸೇರಿಸಿದ್ದ. ಚೆನ್ನಾಗಿತ್ತು, ನಾನೂ ನಕ್ಕೆ. ಆದರೆ ಒಂದು ಮೆಸೇಜಿನಲ್ಲಿ ಎರಡು ತಮಾಷೆ ಇಟ್ಟರೆ ಓದುವವರು ಮೊದಲನೆಯದನ್ನು ಮರೆತುಬಿಡುತ್ತಾರೆ. ಅಲ್ಲದೆ ಜಾಗರಣೆಯ ಜೋಕನ್ನು ಬೇರೆ ಯಾರಾದರೂ ಕಳಿಸಬಹುದು. ಕಡಲೆಕಾಯಿ ಲೆಕ್ಕ ಕಳಿಸೋಕಾಗಲ್ಲ.

ನೀವು, ನೀನು

ಗಮನಿಸಿದಿರಾ? ಮೆಸೇಜ್ ಪೂರ್ತಿ "ಅಂದ್ರಿ, ಬರ್ಕೊಳ್ಳಿ" ಅಂತ ಹೋಗಿ, ಕೊನೆಯಲ್ಲಿ "ಮಾಡ್ತೀಯಾ" ಆಗಿದೆ. ಅದು ಕೈತಪ್ಪಿ ಆದದ್ದಲ್ಲ. ಇಡೀ ಮೆಸೇಜಿನಲ್ಲಿ ತುಂಟತನ ಇರುವುದು ಆ ಒಂದು ಅಕ್ಷರದಲ್ಲೇ ಅಂದರೂ ಸರಿ. ಮೂರು ತಿಂಗಳು "ನೀವು" ಅಂದವನು ಒಂದೇ ಒಂದು ಕಡೆ ಬಹುವಚನ ಬಿಟ್ಟರೆ, ಹತ್ತಿರ ಬರಲಾ ಅಂತ ಕೇಳಿದ ಹಾಗೆ.

ಇದನ್ನು ಮಾಡುವಾಗ ಮೂರು ಎಚ್ಚರ. ಒಂದೇ ಸಲ ಮಾಡಬೇಕು, ಕೊನೆಯಲ್ಲಿ ಮಾಡಬೇಕು, "ನೀನು ಅನ್ನಬಹುದಾ?" ಅಂತ ಪಕ್ಕದಲ್ಲಿ ವಿವರಣೆ ಬರೆಯಬಾರದು. ಉತ್ತರದಲ್ಲಿ ಅವಳು "ನೀವು" ಬಿಡದಿದ್ದರೆ, ಮುಂದಿನ ಮೆಸೇಜಿಗೆ ಸದ್ದಿಲ್ಲದೆ "ನೀವು"ಗೆ ವಾಪಸ್ ಬಂದುಬಿಡಬೇಕು. ಇದು ಇಬ್ಬರೂ ಬಹುವಚನದಲ್ಲಿ ಇರುವವರಿಗೆ ಮಾತ್ರ. ಹುಡುಗ "ನೀನು", ಹುಡುಗಿ "ನೀವು" ಅನ್ನುವ ಮನೆಗಳೂ ಬೇಕಾದಷ್ಟಿವೆ. ಅಲ್ಲಿ ಹುಡುಗಿ ಬರೆಯುತ್ತಿದ್ದರೆ ಈ ಒಂದು "ಮಾಡ್ತೀಯಾ" ಇನ್ನೂ ಜೋರಾಗಿ ಕೆಲಸ ಮಾಡುತ್ತದೆ.

ಮೊದಲಿಂದಲೂ "ನೀನು, ಕಣೇ, ಕಣೋ" ಅಂತಿರುವವರು ಉಲ್ಟಾ ಮಾಡಬೇಕು. ಒಮ್ಮೆಲೇ ಮರ್ಯಾದೆ ಕೊಟ್ಟುಬಿಡಿ. ನನ್ನ ಗೆಳತಿಗೆ ಮದುವೆಯಾಗಿ ಹನ್ನೆರಡು ವರ್ಷ. ಗಂಡ ಆಫೀಸಿಗೆ ಹೋದ ಮೇಲೆ ದಿನಾ ಫೋನ್ ಮಾಡಿ "ಬೀಗ ಹಾಕಿದ್ಯಾ?" ಅಂತ ಕೇಳುತ್ತಾನೆ. ಒಂದು ಫೆಬ್ರವರಿ 14ಕ್ಕೆ ಅವಳು ಬರೆದದ್ದು: "ಯಜಮಾನ್ರೇ, ಇವತ್ತು ಬೀಗದ ವಿಚಾರ ಕೇಳಲೇ ಇಲ್ಲ, ಹುಷಾರಾಗಿದ್ದೀರಾ? ರಾತ್ರಿ ಒಳಗಿಂದ ನೀವೇ ಹಾಕಿ." ಅವನು ಆರೂವರೆಗೆಲ್ಲ ಮನೆಯಲ್ಲಿದ್ದನಂತೆ. ಯಾವತ್ತೂ ಎಂಟಕ್ಕೆ ಮುಂಚೆ ಬಂದವನಲ್ಲ.

ಲಾಕ್ ಸ್ಕ್ರೀನ್ ಓದುವವರು ಬೇರೆ

ಮೆಸೇಜ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಮೊದಲು ಓದಿದ್ದು ಅವರಮ್ಮ ಅಂದರೆ ಎಲ್ಲ ಹಾಳು. ನಮ್ಮ ಮನೆಗಳಲ್ಲಿ ಫೋನ್ ಡೈನಿಂಗ್ ಟೇಬಲ್ ಮೇಲೆ, ಫ್ರಿಜ್ ಮೇಲೆ, ಚಾರ್ಜರಿಗೆ ಹಾಕಿ ಹಾಲಿನಲ್ಲಿ ಬಿದ್ದಿರುತ್ತದೆ. 2026ರ ಫೆಬ್ರವರಿ 14 ಎರಡನೇ ಶನಿವಾರ. ಬ್ಯಾಂಕಿಗೆ ರಜೆ, ಹುಡುಗಿ ಮನೆಯಲ್ಲಿ. ಮರುದಿನ ಶಿವರಾತ್ರಿ ಅಂತ ಮನೆ ತುಂಬಾ ಕೆಲಸ, ಮನೆ ತುಂಬಾ ಜನ.

ಅದಕ್ಕೇ ಆ ಮೊದಲ ಸಾಲು. "ಒಂದು ಲೆಕ್ಕ ಕೇಳ್ಬೇಕಿತ್ತು. ಬ್ಯಾಂಕಿನೋರಲ್ವಾ, ಅದಕ್ಕೆ." ನೋಟಿಫಿಕೇಶನ್ ತೆರೆಯದೆ ಹಾಗೇ ನೋಡಿದರೆ ಮೆಸೇಜಿನ ಶುರು ಮಾತ್ರ ಕಾಣುತ್ತದೆ. ಅತ್ತೆಯಾಗುವವರು ಓದಿದರೂ ಅಳಿಯ ಏನೋ ಎಫ್‌ಡಿ ವಿಚಾರ ಕೇಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಅಸಲು ವಿಷಯ ಒಂದು ಖಾಲಿ ಸಾಲು ಬಿಟ್ಟು ಕೆಳಗೆ ಇರಲಿ. ಕೆಲವು ಫೋನುಗಳಲ್ಲಿ ಲಾಕ್ ಸ್ಕ್ರೀನ್ ಮೇಲೇ ಜಾಸ್ತಿ ಸಾಲು ಕಾಣುತ್ತವೆ, ಹಾಗಾಗಿ ಇದು ಪೂರ್ತಿ ಬಂದೋಬಸ್ತ್ ಅಲ್ಲ. ಯಾರಾದರೂ ಓದಿದರೆ ಇಬ್ಬರೂ ತಲೆ ತಗ್ಗಿಸಬೇಕಾಗುವಂಥದ್ದನ್ನು ಬರೆಯದೇ ಇರುವುದು ಕ್ಷೇಮ. ಫೋಟೊ, ಜಿಫ್, ಕೆಂಪು ಹೃದಯದ ಇಮೋಜಿಯಿಂದ ಶುರು ಮಾಡಬೇಡಿ. ದೂರದಿಂದ ಕಣ್ಣಿಗೆ ಬೀಳುವುದು ಅದೇ.

ಕೆಲಸದ ದಿನವಾದರೆ ಇನ್ನೊಂದು ಅಪಾಯ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ತೆರೆದಿಟ್ಟವರು ಮೀಟಿಂಗ್‌ನಲ್ಲಿ ಸ್ಕ್ರೀನ್ ಹಂಚಿಕೊಂಡಿರುತ್ತಾರೆ. ಮೂಲೆಯಲ್ಲಿ ನಿಮ್ಮ ಮೆಸೇಜ್ ಟಪ್ ಅಂತ ಎದ್ದು ಬರುತ್ತದೆ. ನಮ್ಮ ಹಳೆಯ ಆಫೀಸಿನಲ್ಲಿ ಒಬ್ಬರಿಗೆ ಹೀಗಾಗಿ, ಪಾಪ, ಎರಡು ವಾರ ಕ್ಯಾಂಟೀನಿಗೇ ಬರಲಿಲ್ಲ.

ಹೊತ್ತಿನ ವಿಚಾರ ಸುಲಭ. ರಾತ್ರಿ 12ಕ್ಕೆ ಕಳಿಸಬೇಡಿ, ಎಲ್ಲರೂ ಆಗಲೇ ಕಳಿಸುತ್ತಾರೆ. ಬೆಳಿಗ್ಗೆ ಮನೆಗೆಲಸದ ಗಡಿಬಿಡಿ. ನಾವು ಆರಿಸಿದ್ದು ಮಧ್ಯಾಹ್ನ 2.45. ಊಟ ಮುಗಿದಿರುತ್ತದೆ, ದೊಡ್ಡವರು ಒರಗಿರುತ್ತಾರೆ, ಫೋನ್ ಅವಳ ಕೈಯಲ್ಲೇ ಇರುವ ಸಾಧ್ಯತೆ ಜಾಸ್ತಿ.

ಲಿಪಿ ಬದಲಿಸಬೇಡಿ ಅನ್ನುವುದೂ ಒಂದು. ದಿನಾ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು ಅವತ್ತೊಂದು ದಿನ ಅಚ್ಚ ಕನ್ನಡ ಲಿಪಿಯಲ್ಲಿ ಬರೆದರೆ ಎಲ್ಲಿಂದಲೋ ಕಾಪಿ ಮಾಡಿದ್ದು ಅನ್ನಿಸುತ್ತದೆ. ಇವರಿಬ್ಬರೂ ಮೊದಲಿಂದ ಕನ್ನಡ ಲಿಪಿಯವರು, ತೊಂದರೆ ಇರಲಿಲ್ಲ.

ಯಾರಿಗೆ ಕಳಿಸಬಾರದು

ಇದು ಚಿಕ್ಕ ಮಾತು, ಆದರೆ ಬಿಡುವಂತಿಲ್ಲ. ಈ ಬಗೆಯ ಮೆಸೇಜ್, ನೀವು ರೇಗಿಸಿದಾಗ ವಾಪಸ್ ರೇಗಿಸುವವರಿಗೆ ಮಾತ್ರ. ಕೆಳಗೆ ಕೆಲಸ ಮಾಡುವವರಿಗೆ, ಪಾಠ ಹೇಳಿಸಿಕೊಳ್ಳುವವರಿಗೆ, "ಹಾಂ", "ಸರಿ" ಬಿಟ್ಟು ಬೇರೆ ಉತ್ತರ ಕೊಡದವರಿಗೆ ಬೇಡ. ನಿಮ್ಮ ಮೆಸೇಜಿಗೆ ಉತ್ತರಿಸದೆ ಇರುವ ಸ್ವಾತಂತ್ರ್ಯ ಅವರಿಗೆ ನಿಜವಾಗಿ ಇದೆಯಾ ನೋಡಿ. ಇಲ್ಲದಿದ್ದರೆ ಅದು ತುಂಟತನ ಅಲ್ಲ.

ಕಳಿಸಿದ ಮೇಲೆ

ಕಳಿಸಿದ ಐದು ನಿಮಿಷಕ್ಕೆ ಅವನ ಫೋನ್ ಬಂತು. "ಅಕ್ಕ, ಬ್ಲೂ ಟಿಕ್ ಬಂದಿದೆ, ಉತ್ತರ ಇಲ್ಲ. 'ತಮಾಷೆಗೆ ಬರೆದೆ' ಅಂತ ಹಾಕ್ಲಾ?"

ಹಾಕಬೇಡ ಅಂದೆ. ಒಳ್ಳೆಯ ಮೆಸೇಜ್ ಕೆಡುವುದು ಹೆಚ್ಚಾಗಿ ಎರಡನೇ ಮೆಸೇಜಿನಿಂದ. "ಬೇಜಾರಾಯ್ತಾ?", "ಸುಮ್ನೆ ಹೇಳಿದ್ದು", ಒಂದು ಪ್ರಶ್ನಾರ್ಥಕ ಚಿಹ್ನೆ, ಇವೆಲ್ಲ ಅದಕ್ಕೇ ಸೇರುತ್ತವೆ. ಅಕ್ಷರ ತಪ್ಪಿದ್ದರೆ ವಾಟ್ಸಾಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ಆದರೆ ತಿದ್ದಿದ್ದು ಅಂತ ಅಲ್ಲೇ ಗುರುತು ಕಾಣುತ್ತದೆ. "ಮಾಡ್ತೀಯಾ"ವನ್ನು ಹೆದರಿ "ಮಾಡ್ತೀರಾ" ಮಾಡಿದರೆ ಅದಕ್ಕಿಂತ ಪೇಚು ಬೇರೆ ಇಲ್ಲ. ಡಿಲೀಟ್ ಮಾಡಿದರೂ ಡಿಲೀಟ್ ಮಾಡಿದ ಸಾಲು ಅಲ್ಲೇ ಕೂತಿರುತ್ತದೆ. ಉತ್ತರ ಬರದಿದ್ದರೆ ಆ ರಾತ್ರಿ ಎಂದಿನಂತೆ ಮಾತಾಡಬೇಕು, ಮೆಸೇಜಿನ ಸುದ್ದಿ ನೀವಾಗಿ ಎತ್ತಬಾರದು.

ಆರು ಕಡಲೆಕಾಯಿಯ ಫೋಟೊ ತೆಗೆದಿಟ್ಟುಕೊಂಡಿದ್ದ. ಅದನ್ನು ಮೆಸೇಜ್ ಜೊತೆಗೇ ಕಳಿಸಬೇಕು ಅಂತ ಹಟ. ಅವಳು ಮಾತಾಡಿದ ಮೇಲೆ ಬೇಕಾಗುತ್ತದೆ, ಇಟ್ಟುಕೊಂಡಿರು ಅಂದಿದ್ದೆ.

3.20ಕ್ಕೆ ಉತ್ತರ ಬಂತು. "ಎಣಿಸೋದು ನಿಲ್ಸು ಮಾರಾಯ. ಹಬ್ಬದ ಕೆಲಸ ಇದೆ. ಇಡ್ತೀನಿ."

3.24ಕ್ಕೆ ಇನ್ನೊಂದು. "ಕಾಫಿ ಆಯ್ತಾ?"

ಅವನು ಹಳೆಯ ಫೋಟೊ ಕಳಿಸಲಿಲ್ಲ. ಅಡುಗೆಮನೆಗೆ ಓಡಿಹೋಗಿ ಹೊಸದು ತೆಗೆದು ಕಳಿಸಿದ. ಅದರಲ್ಲಿ ಏಳು ಇದ್ದವು.